ಮೂವತ್ತು ಉತಾರ, ಒಂದು ಸರಾಸರಿ

"ಸರ್, ನಮ್ಮ ತಾಲೂಕಿನಾಗ ಒಬ್ಬ ರೈತಗ ಸರಾಸರಿ ಎಷ್ಟು ಎಕರೆ ಹೊಲ ಐತಿ?" ಪದವಿ ತರಗತಿಯಲ್ಲಿ ಮೂಡಲಗಿ ಕಡೆಯ ಹುಡುಗನೊಬ್ಬ ಹೀಗೆ ಕೇಳಿದ. ನಾನು ಉತ್ತರ ಹೇಳುವ ಬದಲು ಮೊದಲ ಎರಡು ಬೆಂಚಿನಲ್ಲಿ ಕುಳಿತವರಿಗೆ ಅವರವರ ಮನೆಯ ಹೊಲ ಎಷ್ಟೆಂದು ಕೇಳುತ್ತ ಬೋರ್ಡಿನ ಮೇಲೆ ಬರೆದೆ. ಎರಡು ಎಕರೆ, ಒಂದೂವರೆ, ಮೂವತ್ತು ಗುಂಟೆ, ಮೂರು, ಒಂದು, ಎರಡೂವರೆ, ನಾಲ್ಕು, ಒಂದೂಕಾಲು. ಕೊನೆಯಲ್ಲಿ ಹುಕ್ಕೇರಿ ಕಡೆಯ ಹುಡುಗ ಸಂಕೋಚದಿಂದಲೇ "ಇಪ್ಪತ್ತೆರಡು" ಅಂದ. ನಲವತ್ತು ಗುಂಟೆಗೆ ಒಂದು ಎಕರೆಯಂತೆ ಲೆಕ್ಕ ಹಾಕಿ ಎಲ್ಲವನ್ನೂ ಕೂಡಿಸಿದರೆ 38 ಎಕರೆ. ಒಂಬತ್ತರಿಂದ ಭಾಗಿಸಿದರೆ ಸರಾಸರಿ 4.2 ಎಕರೆ.

ಈಗ ಮತ್ತೊಮ್ಮೆ ಬೋರ್ಡ್ ನೋಡಿ ಅಂದೆ. ಒಂಬತ್ತು ಮನೆಗಳಲ್ಲಿ ಎಂಟು ಮನೆಗಳು ಸರಾಸರಿಗಿಂತ ಕೆಳಗಿವೆ! ಇಪ್ಪತ್ತೆರಡು ಎಕರೆಯವನು ಅಂದು ರಜೆ ಹಾಕಿದ್ದರೆ ಸರಾಸರಿ ಎರಡೇ ಎಕರೆ ಆಗುತ್ತಿತ್ತು. ಒಬ್ಬನೇ ಒಬ್ಬ ಬಂದರೆ ದುಪ್ಪಟ್ಟಾಗುವ, ಬಾರದಿದ್ದರೆ ಅರ್ಧಕ್ಕಿಳಿಯುವ ಇಂಥ ಸಂಖ್ಯೆಯನ್ನು ನಂಬಬಹುದೇ? ನಂಬಬಹುದಾದರೆ ಎಷ್ಟು? ಕೇಂದ್ರ ಮಿತಿ ಪ್ರಮೇಯ, ಅಂದರೆ ಸೆಂಟ್ರಲ್ ಲಿಮಿಟ್ ಥಿಯರಂ, ಉತ್ತರ ಕೊಡುವುದು ಈ ಪ್ರಶ್ನೆಗೇ. ಅದನ್ನು ಸಾಧಿಸಿ ತೋರಿಸಲು ಕಠಿಣ ಗಣಿತ ಬೇಕು. ಕಣ್ಣಿಂದ ನೋಡಲು ಮಾತ್ರ ಪೈಥಾನಿನ ಹತ್ತು ಸಾಲು ಸಾಕು.

ಹೊಲದ ಅಳತೆಗಳ ಸ್ವಭಾವವೇ ಹೀಗೆ. ಸೊನ್ನೆಗಿಂತ ಕೆಳಗೆ ಯಾರ ಹೊಲವೂ ಇರುವುದಿಲ್ಲ. ಹೆಚ್ಚಿನವರದು ಒಂದೆರಡು ಎಕರೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಂತೆಲ್ಲ ಉತಾರದ ಮೇಲಿನ ಅಂಕಿ ಸಣ್ಣದಾಗುತ್ತ ಹೋಗುತ್ತದೆ. ಆದರೆ ಬಲಗಡೆ ಹತ್ತು, ಇಪ್ಪತ್ತು, ಮೂವತ್ತು ಎಕರೆಯವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದೇ ಇರುತ್ತಾರೆ. ಚಿತ್ರ ಬರೆದರೆ ಎಡಗಡೆ ಎತ್ತರದ ದಿಬ್ಬ, ಬಲಗಡೆ ಉದ್ದನೆಯ ಬಾಲ. ಇದನ್ನು ಬಲಕ್ಕೆ ವಾಲಿದ ಹಂಚಿಕೆ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಬರುವ ಗಂಟೆಯಾಕಾರದ ನಾರ್ಮಲ್ ಹಂಚಿಕೆಗೂ ಇದಕ್ಕೂ ಯಾವ ಹೋಲಿಕೆಯೂ ಇಲ್ಲ.

ನಮ್ಮ ಪ್ರಯೋಗಕ್ಕೆ ಒಂದು ಕಾಲ್ಪನಿಕ ಸೀಮೆ ಕಟ್ಟೋಣ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1.36 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 3.4 ಎಕರೆ. ಇದು ಇಡೀ ರಾಜ್ಯದ ಅಂಕಿ. ಇದನ್ನೇ ನಮ್ಮ ಸೀಮೆಯ ನಿಜವಾದ ಸರಾಸರಿ ಎಂದಿಟ್ಟುಕೊಳ್ಳೋಣ. ಆಕಾರಕ್ಕೆ ಎಕ್ಸ್‌ಪೊನೆನ್ಶಿಯಲ್ ಎಂಬ ಹಂಚಿಕೆಯನ್ನು ತೆಗೆದುಕೊಳ್ಳುತ್ತೇನೆ. ನಿಜವಾದ ಹೊಲಗಳು ಸೂತ್ರವನ್ನು ಚಾಚೂ ತಪ್ಪದೆ ಪಾಲಿಸುತ್ತವೆ ಅಂತಲ್ಲ. ಎಡಕ್ಕೆ ದಿಬ್ಬ, ಬಲಕ್ಕೆ ಬಾಲ ಇರುವ ಹಂಚಿಕೆಗಳಲ್ಲಿ ಇದು ಅತ್ಯಂತ ಸರಳ. ಜೊತೆಗೆ ಇದಕ್ಕೊಂದು ಉಪಕಾರಿ ಗುಣವಿದೆ: ಇದರ ಸರಾಸರಿ ಎಷ್ಟೋ ಮಾನಕ ವಿಚಲನೆಯೂ ಅಷ್ಟೇ. ಆದ್ದರಿಂದ ಬರುವ ಉತ್ತರ ಸರಿಯೋ ತಪ್ಪೋ ಎಂದು ಕೈಲೆಕ್ಕದಿಂದಲೇ ತಾಳೆ ನೋಡಬಹುದು.

ಕಂಪ್ಯೂಟರ್ ಇಲ್ಲದವರು ಮೊಬೈಲಿನಲ್ಲೇ ಗೂಗಲ್ ಕೋಲ್ಯಾಬ್ ತೆರೆದು ಇದನ್ನು ಟೈಪ್ ಮಾಡಬಹುದು.

```python
import numpy as np
import matplotlib.pyplot as plt

rng = np.random.default_rng(591307)
hola = rng.exponential(scale=3.4, size=100000)
print(hola.mean(), np.median(hola), hola.std())
plt.hist(hola, bins=60)
plt.show()
```

`rng` ನಮ್ಮ ಚೀಟಿ ಎತ್ತುವ ಡಬ್ಬಿ. ಆವರಣದಲ್ಲಿರುವ ಸಂಖ್ಯೆ ಗೋಕಾಕದ ಪಿನ್ ಕೋಡ್. ಅಲ್ಲಿ ಯಾವ ಸಂಖ್ಯೆ ಕೊಟ್ಟರೂ ನಡೆಯುತ್ತದೆ. ಅದೇ ಸಂಖ್ಯೆ ಕೊಟ್ಟು ಮೊದಲಿನಿಂದ ಓಡಿಸಿದಾಗಲೆಲ್ಲ ಅವೇ ಚೀಟಿಗಳು ಅದೇ ಕ್ರಮದಲ್ಲಿ ಬರುತ್ತವೆ, ಹಾಗಾಗಿ ಪಕ್ಕದಲ್ಲಿ ಕುಳಿತವರ ಉತ್ತರದೊಡನೆ ನಿಮ್ಮದನ್ನು ಹೋಲಿಸಬಹುದು. `hola` ಎಂಬುದರಲ್ಲಿ ಒಂದು ಲಕ್ಷ ಹೊಲಗಳ ಅಳತೆಗಳಿವೆ. ಪರದೆಯ ಮೇಲೆ ಮೂರು ಸಂಖ್ಯೆ ಬರುತ್ತವೆ. ಸರಾಸರಿ 3.4ರ ಆಸುಪಾಸು, ಮಧ್ಯಾಂಕ 2.36ರ ಆಸುಪಾಸು, ಮಾನಕ ವಿಚಲನೆ ಮತ್ತೆ 3.4ರ ಆಸುಪಾಸು. ಮಧ್ಯಾಂಕ ಸರಾಸರಿಗಿಂತ ಇಷ್ಟು ಕೆಳಗಿರುವುದೇ ಬಲಕ್ಕೆ ವಾಲಿದ್ದರ ಗುರುತು. ನೂರರಲ್ಲಿ ಅರವತ್ತಮೂರು ರೈತರ ಹೊಲ ಸರಾಸರಿಗಿಂತ ಚಿಕ್ಕದು.

ಇನ್ನು ಸರ್ವೇ ಮಾಡಲು ಹೊರಡೋಣ. ಇಡೀ ಸೀಮೆಯ ಎಲ್ಲ ಉತಾರಗಳನ್ನು ತೆಗೆಸಿ ಓದುವ ಸಮಯ ನಿಮಗಿಲ್ಲ. ಚೀಟಿ ಎತ್ತಿ ಮೂವತ್ತು ರೈತರನ್ನು ಆರಿಸುತ್ತೀರಿ, ಅವರ ಹೊಲಗಳ ಸರಾಸರಿ ತೆಗೆಯುತ್ತೀರಿ, ಒಂದು ಸಂಖ್ಯೆ ಬರೆದುಕೊಂಡು ಮನೆಗೆ ಬರುತ್ತೀರಿ. ಅದೇ ದಿನ ನಿಮ್ಮ ಗೆಳತಿ ಬೇರೆ ಮೂವತ್ತು ಮಂದಿಯನ್ನು ಆರಿಸಿದ್ದಾಳೆ, ಅವಳ ಸಂಖ್ಯೆ ಬೇರೆ. ಹೀಗೆ ಹತ್ತು ಸಾವಿರ ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ಹೊರಟರೆ ಹತ್ತು ಸಾವಿರ ಸರಾಸರಿಗಳು ಬರುತ್ತವೆ. ಅವು ಹೇಗೆ ಹರಡಿಕೊಳ್ಳುತ್ತವೆ? ನಿಜ ಜೀವನದಲ್ಲಿ ಹತ್ತು ಸಾವಿರ ಸರ್ವೇ ಯಾರೂ ಮಾಡುವುದಿಲ್ಲ, ಕಂಪ್ಯೂಟರ್ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿಬಿಡುತ್ತದೆ.

```python
n = 30
madari = rng.exponential(3.4, size=(10000, n))
sarasari = madari.mean(axis=1)
print(len(sarasari), sarasari.mean(), sarasari.std())
plt.hist(sarasari, bins=60)
plt.show()
```

`madari` ಒಂದು ದೊಡ್ಡ ರಿಜಿಸ್ಟರ್ ಎಂದು ಕಲ್ಪಿಸಿಕೊಳ್ಳಿ. ಹತ್ತು ಸಾವಿರ ಅಡ್ಡ ಸಾಲು, ಮೂವತ್ತು ಕಂಬಸಾಲು. ಒಂದು ಅಡ್ಡ ಸಾಲು ಎಂದರೆ ಒಬ್ಬ ವಿದ್ಯಾರ್ಥಿಯ ಇಡೀ ಸರ್ವೇ. `axis=1` ಅಂದರೆ ಪ್ರತಿ ಅಡ್ಡ ಸಾಲಿನ ಉದ್ದಕ್ಕೂ ನಡೆದು ಸರಾಸರಿ ತೆಗೆ ಎಂದರ್ಥ.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. `axis=0` ಎಂದು ಬರೆದರೆ ಪೈಥಾನ್ ಯಾವ ದೂರನ್ನೂ ಕೊಡದೆ ಮೇಲಿಂದ ಕೆಳಕ್ಕೆ ನಡೆದುಬಿಡುತ್ತದೆ. ಆಗ ಬರುವುದು ಮೂವತ್ತೇ ಸರಾಸರಿಗಳು, ಒಂದೊಂದೂ ಹತ್ತು ಸಾವಿರ ಹೊಲಗಳದ್ದು. ಚಿತ್ರವೂ ಬರುತ್ತದೆ, ಆದರೆ ಅದು ತಪ್ಪು ಚಿತ್ರ. ಅದಕ್ಕೇ `len(sarasari)` ಅನ್ನು ಮೊದಲು ಪ್ರಿಂಟ್ ಮಾಡಿಸಿದ್ದೇನೆ. ಅದು 10000 ಅಂದರೆ ಸರಿ, 30 ಅಂದರೆ ಅಡ್ಡ-ಉದ್ದ ಅದಲುಬದಲಾಗಿದೆ. ಇನ್ನೊಂದು ಗುರುತೂ ಇದೆ. ಮಾನಕ ವಿಚಲನೆ 0.62 ಬರಬೇಕಾದಲ್ಲಿ 0.03ರ ಹತ್ತಿರ ಬಂದಿರುತ್ತದೆ.

ಸರಿಯಾಗಿ ಓಡಿಸಿದಾಗ ಪರದೆಯ ಮೇಲೆ ಕಾಣುವ ಚಿತ್ರವನ್ನು ಸ್ವಲ್ಪ ಹೊತ್ತು ನೋಡುತ್ತ ಕೂಡಿ. ಎಡಗಡೆಯ ಕಡಿದಾದ ದಿಬ್ಬ ಹೋಗಿದೆ, ಉದ್ದನೆಯ ಬಾಲವೂ ಹೋಗಿದೆ. 3.4ರ ಸುತ್ತ ಒಂದು ಗಂಟೆ ನಿಂತಿದೆ. ಹೊಲಗಳಲ್ಲಿ ಎಲ್ಲೂ ಇಲ್ಲದ ಈ ಗಂಟೆ ಸರಾಸರಿಗಳಲ್ಲಿ ಎಲ್ಲಿಂದ ಬಂತು?

ಉತ್ತರ ತಿಳಿಯಬೇಕೆಂದರೆ `n = 30` ಇದ್ದಲ್ಲಿ `n = 2` ಮಾಡಿ ನೋಡಿ. ಒಬ್ಬನೇ ರೈತನನ್ನು ಕೇಳಿದಾಗ ಅತಿ ಎತ್ತರದ ಕಂಬ ಇದ್ದದ್ದು ಸೊನ್ನೆಯ ಪಕ್ಕದಲ್ಲೇ. 0.34 ಎಕರೆಗಿಂತ, ಅಂದರೆ ಹದಿಮೂರು-ಹದಿನಾಲ್ಕು ಗುಂಟೆಗಿಂತ ಚಿಕ್ಕ ಹೊಲದವನು ಸಿಗುವ ಸಾಧ್ಯತೆ ನೂರಕ್ಕೆ ಒಂಬತ್ತೂವರೆ. ಇಬ್ಬರನ್ನು ಕೇಳಿ ಸರಾಸರಿ ತೆಗೆದಾಗ ಅದು ಹದಿಮೂರು ಗುಂಟೆಗೆ ಇಳಿಯಬೇಕಾದರೆ ಇಬ್ಬರದೂ ತುಂಡು ಹೊಲವೇ ಆಗಿರಬೇಕು. ಒಬ್ಬನದು ಒಂದೆಕರೆ ಇದ್ದರೂ ಲೆಕ್ಕ ತಪ್ಪಿತು. ಆದ್ದರಿಂದ ಆ ಸಾಧ್ಯತೆ ಒಮ್ಮೆಲೇ ನೂರಕ್ಕೆ ಎರಡಕ್ಕಿಂತ ಕೆಳಗೆ ಬೀಳುತ್ತದೆ. ಎಡಗಡೆಯ ದಿಬ್ಬ ಕುಸಿದು, ಶಿಖರ ಸೊನ್ನೆಯನ್ನು ಬಿಟ್ಟು ಬಲಕ್ಕೆ ಸರಿಯುತ್ತದೆ. ಬಾಲದ ಕಡೆಯೂ ಇದೇ ಕಥೆ. ಮೂವತ್ತು ಮಂದಿಯ ಸರಾಸರಿ ಹತ್ತು ಎಕರೆ ಆಗಬೇಕಾದರೆ ಚೀಟಿಯಲ್ಲಿ ಸಾಲುಸಾಲಾಗಿ ದೊಡ್ಡ ಹಿಡುವಳಿದಾರರೇ ಬರಬೇಕು, ಅದು ಆಗುವ ಮಾತಲ್ಲ. ಮಧ್ಯದ ಸರಾಸರಿ ಬರಲು ಮಾತ್ರ ದಾರಿಗಳು ಲೆಕ್ಕವಿಲ್ಲದಷ್ಟು. ಇಬ್ಬರು ದೊಡ್ಡವರು ಮತ್ತು ಹಲವು ಸಣ್ಣವರು, ನಾಲ್ವರು ನಡುತರದವರು ಮತ್ತು ಉಳಿದವರು ಸಣ್ಣವರು, ಹೀಗೆ ಯಾವ ಬಗೆಯಲ್ಲಿ ಬೆರೆತರೂ ಕೂಡಿಸಿದ ಮೊತ್ತ ಅಲ್ಲಿಗೇ ಬಂದು ನಿಲ್ಲುತ್ತದೆ. ದೊಡ್ಡವು ಚಿಕ್ಕವನ್ನು, ಚಿಕ್ಕವು ದೊಡ್ಡವನ್ನು ಸರಿದೂಗಿಸುತ್ತವೆ. ಗಂಟೆ ಹುಟ್ಟುವುದು ಈ ಬೆರಕೆಯಿಂದ.

ಪ್ರಮೇಯದ ಮಾತನ್ನು ಈಗ ಹೇಳಬಹುದು. ಒಂದೇ ಹಂಚಿಕೆಯಿಂದ, ಒಂದಕ್ಕೊಂದು ಸಂಬಂಧವಿಲ್ಲದಂತೆ, `n` ಅಳತೆಗಳನ್ನು ತೆಗೆದರೆ, `n` ದೊಡ್ಡದಾಗುತ್ತ ಹೋದಂತೆ ಅವುಗಳ ಸರಾಸರಿಯ ಹಂಚಿಕೆ ನಾರ್ಮಲ್ ಹಂಚಿಕೆಯ ಆಕಾರಕ್ಕೆ ಹತ್ತಿರವಾಗುತ್ತದೆ. ಮೂಲ ಹಂಚಿಕೆ ಯಾವ ಆಕಾರದಲ್ಲಿದ್ದರೂ ಸರಿ, ಅದರ ಮಾನಕ ವಿಚಲನೆ ಸೀಮಿತವಾಗಿದ್ದರೆ ಸಾಕು. ಆ ಗಂಟೆಯ ನಡು ಮೂಲ ಸರಾಸರಿಯ ಮೇಲೇ ಇರುತ್ತದೆ. ಅದರ ಮಾನಕ ವಿಚಲನೆ ಎಂದರೆ ಮೂಲ ಮಾನಕ ವಿಚಲನೆಯನ್ನು `n`ನ ವರ್ಗಮೂಲದಿಂದ ಭಾಗಿಸಿದಷ್ಟು. ನಮ್ಮ ಲೆಕ್ಕದಲ್ಲಿ 3.4 ಭಾಗಿಸು 5.48, ಅಂದರೆ 0.62 ಎಕರೆ. ಪರದೆಯ ಮೇಲೆ ಬಂದದ್ದೂ ಅದರ ಹತ್ತಿರದ್ದೇ. ಫ್ರಾನ್ಸಿನ ಲಾಪ್ಲಾಸ್ 1810ರ ಹೊತ್ತಿಗೇ ಇದನ್ನು ವಿಶಾಲ ರೂಪದಲ್ಲಿ ಹೇಳಿದ್ದ. ಈ ಹೆಸರು ಕೊಟ್ಟದ್ದು ಮಾತ್ರ ಹಂಗೇರಿಯ ಜಾರ್ಜ್ ಪೋಲ್ಯಾ, 1920ರಲ್ಲಿ. ಸಂಭವನೀಯತೆಯ ಶಾಸ್ತ್ರದಲ್ಲಿ ಈ ಪ್ರಮೇಯ ಕೇಂದ್ರಸ್ಥಾನದಲ್ಲಿದೆ ಎಂಬ ಅರ್ಥದಲ್ಲಿ ಅವನು ಹಾಗೆ ಕರೆದ.

ಇಲ್ಲಿ ಎರಡು ಸಂಖ್ಯೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಗಂಟೆಯಾಕಾರ ತಂದದ್ದು 30, ಹತ್ತು ಸಾವಿರವಲ್ಲ. ಹತ್ತು ಸಾವಿರವನ್ನು ಲಕ್ಷ ಮಾಡಿದರೆ ಚಿತ್ರ ನುಣುಪಾಗುತ್ತದೆ, ಅಷ್ಟೇ. ಗಂಟೆಯ ಅಗಲ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಮೊದಲ ಚಿತ್ರದಲ್ಲಿ ಒಂದು ಲಕ್ಷ ಹೊಲಗಳಿದ್ದರೂ ಅದು ಓರೆಯಾಗಿಯೇ ಇತ್ತು ಎಂಬುದನ್ನು ನೆನಪಿಸಿಕೊಳ್ಳಿ. "ಡೇಟಾ ಜಾಸ್ತಿ ಆದರೆ ಅದು ನಾರ್ಮಲ್ ಆಗುತ್ತದೆ" ಎಂದು ಉತ್ತರಪತ್ರಿಕೆಯಲ್ಲಿ ಬರೆಯುವವರನ್ನು ಪ್ರತಿ ವರ್ಷ ನೋಡುತ್ತೇನೆ. ಹೊಲಗಳು ಎಂದೂ ನಾರ್ಮಲ್ ಆಗುವುದಿಲ್ಲ. ನಾರ್ಮಲ್ ಆಗುವುದು ಸರಾಸರಿಗಳು.

ಗಂಟೆ ಸಿಕ್ಕ ಮೇಲೆ ಸರಾಸರಿಯನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ಹಿಂತಿರುಗಬಹುದು. ನಾರ್ಮಲ್ ಹಂಚಿಕೆಯಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ಭಾಗ ನಡುವಿನಿಂದ ಎರಡು ಮಾನಕ ವಿಚಲನೆಯ ಒಳಗೇ ಇರುತ್ತದೆ. ಮೂವತ್ತು ಮಂದಿಯನ್ನು ಕೇಳಿದರೆ ಎರಡು ಪಟ್ಟು 0.62, ಅಂದರೆ ಒಂದೂಕಾಲು ಎಕರೆ ಆಚೀಚೆ. ಇದು ದೊಡ್ಡದಾಯಿತು, ಅರ್ಧ ಎಕರೆಯೊಳಗೆ ಬೇಕು ಅಂತೀರಾ? ಆಗ ಎರಡು ಪಟ್ಟು 3.4 ಅನ್ನು `n`ನ ವರ್ಗಮೂಲದಿಂದ ಭಾಗಿಸಿದರೆ 0.5 ಬರಬೇಕು. ವರ್ಗಮೂಲ 13.6 ಆಗಬೇಕು, `n` 185 ಆಗಬೇಕು. ತಪ್ಪು ಎರಡೂವರೆ ಪಟ್ಟು ಕಡಿಮೆಯಾಗಲು ಓಡಾಟ ಆರು ಪಟ್ಟು ಹೆಚ್ಚಾಯಿತು. ವರ್ಗಮೂಲದ ಈ ಬೆಲೆಯನ್ನು ತಪ್ಪಿಸಿಕೊಳ್ಳುವ ದಾರಿ ಇಲ್ಲ. ನಿಜವಾದ ಸರ್ವೇಯಲ್ಲಿ 3.4 ಎಂಬ ಮಾನಕ ವಿಚಲನೆ ಮೊದಲೇ ಗೊತ್ತಿರುವುದಿಲ್ಲ, ಕೇಳಿದ ರೈತರ ಅಳತೆಗಳಿಂದಲೇ ಅದನ್ನೂ ಅಂದಾಜು ಮಾಡಿಕೊಳ್ಳುತ್ತಾರೆ.

ಮೂವತ್ತು ಎಂಬ ಸಂಖ್ಯೆಯ ಬಗ್ಗೆ ಒಂದು ಮಾತು. ಮೂವತ್ತು ದಾಟಿದರೆ ಪ್ರಮೇಯ ಹಿಡಿಯುತ್ತದೆ ಎಂದು ಎಷ್ಟೋ ಪುಸ್ತಕಗಳು ನಿಯಮದಂತೆ ಬರೆಯುತ್ತವೆ. ನಾನು ಅದನ್ನು ನಿಯಮವೆಂದು ಒಪ್ಪುವುದಿಲ್ಲ. `n`ಗೆ ಮತ್ತೆ 30 ಕೊಟ್ಟು ಎರಡನೆಯ ಭಾಗವನ್ನು ಓಡಿಸಿ, ಅದರ ಕೆಳಗೆ ಈ ಎರಡು ಸಾಲು ಸೇರಿಸಿ.

```python
z = (sarasari - 3.4) / (3.4 / np.sqrt(n))
print((z < -2).mean(), (z > 2).mean())
```

ಮೊದಲ ಸಾಲು ಪ್ರತಿ ಸರಾಸರಿಯೂ ನಡುವಿನಿಂದ ಎಷ್ಟು ಮಾನಕ ವಿಚಲನೆ ದೂರದಲ್ಲಿದೆ ಎಂದು ಅಳೆಯುತ್ತದೆ. ಎರಡನೆಯದು ಎಡಕ್ಕೆ ಎರಡಕ್ಕಿಂತ ಆಚೆ ಎಷ್ಟು ಭಾಗ, ಬಲಕ್ಕೆ ಎರಡಕ್ಕಿಂತ ಆಚೆ ಎಷ್ಟು ಭಾಗ ಎಂದು ಎಣಿಸುತ್ತದೆ. ಪಕ್ಕಾ ನಾರ್ಮಲ್ ಆಗಿದ್ದರೆ ಎರಡೂ ಕಡೆ 0.023 ಬರಬೇಕು. ನಮಗೆ ಬರುವುದು ಎಡಕ್ಕೆ ಸುಮಾರು 0.012, ಬಲಕ್ಕೆ ಸುಮಾರು 0.032. ಎರಡನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಸರಿ ಹೋಗುತ್ತದೆ, ಆದರೆ ಎಡಕ್ಕಿಂತ ಬಲ ಎರಡೂವರೆ ಪಟ್ಟು ಹೆಚ್ಚು. ಹೊಲಗಳ ಓರೆ ಇನ್ನೂ ಪೂರ್ತಿ ಹೋಗಿಲ್ಲ. ಕಣ್ಣಿಗೆ ಗಂಟೆಯಂತೆ ಕಂಡದ್ದು ಅಂಚಿನಲ್ಲಿ ಇನ್ನೂ ಬಲಕ್ಕೆ ವಾಲಿಕೊಂಡೇ ಇದೆ. `n = 300` ಮಾಡಿ ಎರಡೂ ಭಾಗಗಳನ್ನು ಮತ್ತೆ ಓಡಿಸಿದರೆ 0.020 ಮತ್ತು 0.026ರ ಆಸುಪಾಸಿಗೆ ಬಂದು ಎರಡೂ ಕಡೆ ಸಮವಾಗತೊಡಗುತ್ತವೆ. ಮೂಲ ಹಂಚಿಕೆ ಇದಕ್ಕಿಂತ ಓರೆಯಾಗಿದ್ದರೆ ಮೂರು ನೂರೂ ಸಾಲದಿರಬಹುದು, ಮೊದಲೇ ಎರಡೂ ಕಡೆ ಸಮವಾಗಿದ್ದರೆ ಐದಾರೇ ಸಾಕಾಗಬಹುದು. ಮೂವತ್ತು ಸಾಕೇ ಎಂಬುದನ್ನು ಹೀಗೆ ಅಂಚುಗಳನ್ನು ಎಣಿಸಿಯೇ ತಿಳಿಯಬೇಕು.

ಇಷ್ಟು ಹೊತ್ತೂ ಒಂದು ಷರತ್ತನ್ನು ಸುಮ್ಮನೆ ಒಪ್ಪಿಕೊಂಡು ಬಂದೆವು: ಚೀಟಿಗಳು ಒಂದಕ್ಕೊಂದು ಸಂಬಂಧವಿಲ್ಲದವು. ಕಂಪ್ಯೂಟರಿನಲ್ಲಿ ಅದು ತಾನಾಗಿಯೇ ಆಗುತ್ತದೆ. ಊರಿನಲ್ಲಿ ಆಗುವುದಿಲ್ಲ, ಏಕೆಂದರೆ ನಾವು ಬಸ್ಸು ಹತ್ತಿ ಒಂದು ಊರಿಗೆ ಹೋಗಿ, ಕಟ್ಟೆಯ ಮೇಲೆ ಕುಳಿತವರನ್ನೆಲ್ಲ ಕೇಳಿ ಬರುವವರು. ಆದರೆ ಊರಿಂದ ಊರಿಗೆ ಹೊಲದ ಲೆಕ್ಕವೇ ಬೇರೆ. ಹುಕ್ಕೇರಿ ತಾಲೂಕಿನಲ್ಲಿ ಹಿಡಕಲ್ ಜಲಾಶಯವಿದೆ, ಗೋಕಾಕ ತಾಲೂಕಿನ ಧೂಪದಾಳದಲ್ಲಿ ಘಟಪ್ರಭಾ ನದಿಗೆ ಅಡ್ಡಲಾಗಿ ಹಳೆಯ ಒಡ್ಡು ಇದೆ. ಕಾಲುವೆ ನೀರು ಹರಿದು ಕಬ್ಬು ಬೆಳೆಯುವ ಊರುಗಳು ಒಂದು ಬಗೆ, ಮಳೆ ನಂಬಿದ ಮಡ್ಡಿಯ ಊರುಗಳು ಇನ್ನೊಂದು ಬಗೆ. ಒಂದೇ ಊರಿನ ಮೂವತ್ತು ಮಂದಿ ಮೂವತ್ತು ಸ್ವತಂತ್ರ ಚೀಟಿಗಳಲ್ಲ.

ಇದನ್ನೂ ಕಂಪ್ಯೂಟರಿನಲ್ಲಿ ಮಾಡಿ ನೋಡಬಹುದು. ಒಂದೊಂದು ಊರಿನ ಸರಾಸರಿ ಹೊಲ 1.4ರಿಂದ 5.4 ಎಕರೆವರೆಗೆ ಎಲ್ಲಿಯಾದರೂ ಇರಬಹುದು ಎಂದಿಟ್ಟುಕೊಳ್ಳಿ. ಇಡೀ ಸೀಮೆಯ ಸರಾಸರಿ ಆಗಲೂ 3.4. ಪ್ರತಿ ವಿದ್ಯಾರ್ಥಿಯೂ ಒಂದೇ ಊರಿಗೆ ಹೋಗಿ ಅಲ್ಲೇ ಮೂವತ್ತು ಮಂದಿಯನ್ನು ಕೇಳುತ್ತಾನೆ.

```python
n = 30
uru = rng.uniform(1.4, 5.4, size=(10000, 1))
x = rng.exponential(uru, size=(10000, n))
m = x.mean(axis=1)
print(m.mean(), m.std())
plt.hist(m, bins=60)
plt.show()
```

`uru` ಎಂಬುದು ಒಂದೇ ಕಂಬಸಾಲು. ಪ್ರತಿ ಅಡ್ಡ ಸಾಲಿಗೂ ಒಂದು ಊರು ಗೊತ್ತಾಗುತ್ತದೆ, ಆ ಸಾಲಿನ ಮೂವತ್ತೂ ಹೊಲಗಳು ಆ ಊರಿನವೇ ಆಗುತ್ತವೆ. ಮಾನಕ ವಿಚಲನೆ ಈಗ ಸುಮಾರು 1.33. ಇದೇ ಸೀಮೆಯಲ್ಲಿ ಒಬ್ಬೊಬ್ಬ ರೈತನನ್ನೂ ಬೇರೆ ಬೇರೆ ಊರಿನಿಂದ ಆರಿಸಿದ್ದರೆ 0.69 ಬರುತ್ತಿತ್ತು. ಅದನ್ನು ನೋಡಬೇಕೆಂದರೆ `uru` ಸಾಲಿನಲ್ಲಿರುವ 1ರ ಜಾಗದಲ್ಲಿ `n` ಬರೆಯಿರಿ. ಆಗ ಒಂದೊಂದು ಹೊಲಕ್ಕೂ ಬೇರೆ ಊರು ಸಿಗುತ್ತದೆ.

ಈಗ ಅದನ್ನು ಮತ್ತೆ 1 ಮಾಡಿ, `n` ಅನ್ನು 300ಕ್ಕೆ ಏರಿಸಿ. ಮೊದಲ ಪ್ರಯೋಗದ ಪ್ರಕಾರ ವಿಚಲನೆ ಮೂರು ಪಟ್ಟಿಗೂ ಹೆಚ್ಚು ಕುಗ್ಗಬೇಕಿತ್ತು. ಕುಗ್ಗುವುದಿಲ್ಲ, 1.17ಕ್ಕೆ ಬಂದು ನಿಂತುಬಿಡುತ್ತದೆ. ಚಿತ್ರ ನೋಡಿದರೆ ಗಂಟೆಯೂ ಇಲ್ಲ, ಮೇಲೆ ಸಪಾಟಾದ ಗುಡ್ಡದಂತೆ ಕಾಣುತ್ತದೆ. ಮೂರು ನೂರು ಮಂದಿಯನ್ನು ಕೇಳಿದ್ದರಿಂದ ಆ ಒಂದು ಊರಿನ ಸರಾಸರಿ ಚೆನ್ನಾಗಿ ತಿಳಿಯಿತು, ಸೀಮೆಯದು ತಿಳಿಯಲಿಲ್ಲ. ಕೈಯಲ್ಲಿ ಒಂದೇ ಸರ್ವೇ ಇದ್ದಾಗ ಈ ತಪ್ಪು ಕಾಣುವುದೂ ಇಲ್ಲ. ಪುಸ್ತಕದ ಸೂತ್ರ ಹಾಕಿದರೆ ಅದು 0.2 ಎಕರೆ ಎಂದು ಧೈರ್ಯವಾಗಿ ಉತ್ತರ ಕೊಡುತ್ತದೆ. ತಪ್ಪನ್ನು ಹಿಡಿಯಬೇಕಾದರೆ ಎರಡನೆಯ ಊರಿಗೆ ಹೋಗಿಯೇ ನೋಡಬೇಕು.

ನಿಮ್ಮ ಪ್ರಾಜೆಕ್ಟಿಗೆ ಸರ್ವೇ ಮಾಡಲು ಹೊರಡುವವರಿಗೆ ನನ್ನ ಕೋರಿಕೆ ಇದು. ಎಷ್ಟು ಮಂದಿಯನ್ನು ಕೇಳಿದಿರಿ ಎಂದು ಬರೆಯುವ ಸಾಲಿನ ಪಕ್ಕದಲ್ಲೇ ಎಷ್ಟು ಊರುಗಳಲ್ಲಿ ಕೇಳಿದಿರಿ ಎಂಬುದನ್ನೂ ಬರೆಯಿರಿ. ಮೂವತ್ತು ಊರುಗಳಿಗೆ ಹೋಗಿ ಊರಿಗೊಬ್ಬರಂತೆ ಕೇಳಿ ತಂದ ಉತ್ತರ, ಒಂದೇ ಊರಿನಲ್ಲಿ ಮೂರು ನೂರು ಮಂದಿಯನ್ನು ಕೇಳಿ ತಂದ ಉತ್ತರಕ್ಕಿಂತ ನಿಜಕ್ಕೆ ಹತ್ತಿರ.